ಗೆರೆಗೆ ತಾನು ತಂತಿಯೆಂದು ಗೊತ್ತಿಲ್ಲ

ಮನೆಯ ವೈರಿಂಗ್ ನಕ್ಷೆಯಲ್ಲಿ ಫ್ಯಾನು ಎಲ್ಲಿ ತೂಗುತ್ತದೋ ಅಲ್ಲೇ ಫ್ಯಾನಿನ ಗುರುತಿರುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಸರ್ಕ್ಯೂಟ್ ಡ್ರಾಯಿಂಗ್ ಹಾಗಲ್ಲ. ಅಂಗೈಯಗಲದ ಒಂದು ಕಾಂಟ್ಯಾಕ್ಟರನ್ನು ತೆಗೆದುಕೊಳ್ಳಿ. ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ಕಿನ ಆ ಒಂದೇ ಪೆಟ್ಟಿಗೆ ಡ್ರಾಯಿಂಗಿನಲ್ಲಿ ಚೂರುಚೂರಾಗಿ ಹರಡಿರುತ್ತದೆ. ಮೋಟರಿಗೆ ಕರೆಂಟು ಕೊಡುವ ಅದರ ಮೂರು ದಪ್ಪ ಕಾಂಟ್ಯಾಕ್ಟುಗಳು ಮೊದಲ ಹಾಳೆಯಲ್ಲಿ, ಅದನ್ನು ಎಳೆಯುವ ಕಾಯಿಲ್ ಎರಡನೇ ಹಾಳೆಯ ನಡುವಿನಲ್ಲಿ, ಪಕ್ಕದ ಸಣ್ಣ ಕಾಂಟ್ಯಾಕ್ಟು ಅದೇ ಹಾಳೆಯ ಇನ್ನೊಂದು ಮೂಲೆಯಲ್ಲಿ. ಮೊದಲ ಸಲ ನೋಡಿದವರಿಗೆ ಇದು ಬೇಕೆಂದೇ ಮಾಡಿದ ಗೋಜಲು ಅನ್ನಿಸುತ್ತದೆ.

ಹೀಗೆ ಬಿಡಿಸಿ ಬರೆಯಲು ಕಾರಣವಿದೆ. ಈ ಡ್ರಾಯಿಂಗ್ ಹಿಂಬಾಲಿಸುವುದು ವಸ್ತುವನ್ನಲ್ಲ, ಕರೆಂಟು ಹರಿಯುವ ದಾರಿಯನ್ನು. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಬೆರಳಿಟ್ಟು ಇಳಿದರೆ ಯಾವ ಬಟನ್ ಒತ್ತಿದಾಗ ಯಾವುದು ಎಳೆದುಕೊಳ್ಳುತ್ತದೆ ಎಂಬುದು ತಿಳಿಯಬೇಕು. ಹಾಗೆ ಬಿಡಿಸಿದ ಮೇಲೆ ಚೂರುಗಳನ್ನು ಮತ್ತೆ ಹೊಲಿಯಲು ಮೂರು ದಾರಗಳು ಬೇಕಾಗುತ್ತವೆ: ಸಾಧನದ ಹೆಸರು, ವೈರ್ ನಂಬರ್, ಮತ್ತು ಉಳಿದ ಚೂರು ಎಲ್ಲಿದೆ ಎಂದು ಹೇಳುವ ಕ್ರಾಸ್ ರೆಫರೆನ್ಸ್. ಆಟೊಕ್ಯಾಡ್‌ನಂಥ ಎರಡು ಆಯಾಮದ ಡ್ರಾಫ್ಟಿಂಗ್ ಪ್ರೋಗ್ರಾಮಿಗೆ ಈ ಮೂರರಲ್ಲಿ ಒಂದೂ ಅರ್ಥವಾಗುವುದಿಲ್ಲ. ಅದಕ್ಕೆ ಗೆರೆ ಬರೀ ಗೆರೆ, ಅಂಕಿ ಬರೀ ಅಕ್ಷರ. ಮನೆಯ ಗೋಡೆ ಎಳೆದರೂ ತಂತಿ ಎಳೆದರೂ ಅದಕ್ಕೆ ಒಂದೇ. ಹಾಗಾದರೆ ಅದರಲ್ಲಿ ನಂಬುವಂಥ ಸರ್ಕ್ಯೂಟನ್ನು ಬರೆಯುವುದು ಹೇಗೆ?

ಉದಾಹರಣೆಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇಟ್ಟುಕೊಳ್ಳೋಣ. ಬೆಂಗಳೂರಿನ ಪೀಣ್ಯದ ಪ್ಯಾನೆಲ್ ಶೆಡ್ಡುಗಳಲ್ಲಿ ಹೊಸಬರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. 15 ಎಚ್‌ಪಿ, ಅಂದರೆ 11 ಕಿಲೋವ್ಯಾಟಿನ ಪಂಪ್ ಮೋಟರ್. ನಾಮಫಲಕದಲ್ಲಿ 415 ವೋಲ್ಟ್, 21 ಆಂಪಿಯರ್ ಎಂದಿದೆ ಎನ್ನೋಣ. ನೇರವಾಗಿ ಚಾಲೂ ಮಾಡಿದರೆ ಮೊದಲ ಕ್ಷಣಗಳಲ್ಲಿ ಇದು ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅದಕ್ಕೇ ಮೊದಲು ಸುರುಳಿಗಳನ್ನು ಸ್ಟಾರ್ ರೀತಿ ಜೋಡಿಸಿ, ಲೈನಿನಿಂದ ಎಳೆಯುವ ಕರೆಂಟನ್ನು ಮೂರನೇ ಒಂದಕ್ಕೆ ಇಳಿಸಿ, ಕೆಲವು ಸೆಕೆಂಡಾದ ಮೇಲೆ ಡೆಲ್ಟಾಕ್ಕೆ ಬದಲಿಸುತ್ತಾರೆ. ಇದಕ್ಕೆ ಮೂರು ಕಾಂಟ್ಯಾಕ್ಟರ್ ಬೇಕು: ಮೇನ್ K1, ಡೆಲ್ಟಾ K2, ಸ್ಟಾರ್ K3. ಜೊತೆಗೆ ಒಂದು ಟೈಮರ್ K4, ಓವರ್‌ಲೋಡ್ ರಿಲೇ F2, ಕಂಟ್ರೋಲ್ ಲೈನಿನ ಎಂಸಿಬಿ F1, ನಿಲ್ಲಿಸುವ ಬಟನ್ S1, ಚಾಲೂ ಬಟನ್ S2 ಮತ್ತು ಟ್ರಿಪ್ ಆದಾಗ ಉರಿಯುವ ದೀಪ H1.

ಹಾಳೆ ಎ3, ಅಡ್ಡಲಾಗಿ, 420 ಗುಣಿಸು 297 ಮಿಲಿಮೀಟರ್. ಮೇಲಂಚಿನಲ್ಲಿ ಎಂಟು ಕಾಲಂ, 1ರಿಂದ 8. ಹಾಳೆಯ ಸಂಖ್ಯೆ, ಒಂದು ಚುಕ್ಕಿ, ಕಾಲಂ ಸಂಖ್ಯೆ ಬರೆದರೆ ವಿಳಾಸ ಸಿದ್ಧ: 2.5 ಎಂದರೆ ಎರಡನೇ ಹಾಳೆಯ ಐದನೇ ಕಾಲಂ. ಗೆರೆ ಎಳೆಯುವ ಮುನ್ನ SNAP ಅನ್ನು 2.5 ಮಿಲಿಮೀಟರಿಗೆ ಕಟ್ಟಿಹಾಕಬೇಕು, ORTHO ಹಾಕಿರಬೇಕು. ಇದು ಅಂದಕ್ಕಾಗಿ ಅಲ್ಲ. ಸಂಕೇತದ ತುದಿ ಮತ್ತು ತಂತಿಯ ತುದಿ ಒಂದೇ ಬಿಂದುವಿನಲ್ಲಿ ಸೇರಬೇಕಾದರೆ ಎರಡೂ ಒಂದೇ ಜಾಲದ ಮೇಲೆ ಕೂರಬೇಕು. ಕಣ್ಣಿಗೆ ಸೇರಿದಂತೆ ಕಂಡು, ನಿಜಕ್ಕೆ ಕೂದಲೆಳೆಯಷ್ಟು ದೂರ ನಿಂತ ಗೆರೆಗಳು ಮುಂದೆ ಸಂಕೇತವನ್ನು ಸರಿಸುವಾಗ ಒಂದೊಂದಾಗಿ ಕೈಕೊಡುತ್ತವೆ.

ಇನ್ನು ಸಂಕೇತಗಳು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು ಐಇಸಿ 60617ರ ಗುರುತುಗಳನ್ನು. ಕಾಯಿಲ್ ಒಂದು ಆಯತ. ಎನ್‌ಒ ಕಾಂಟ್ಯಾಕ್ಟ್ ಎಂದರೆ ಮೇಲಿನ ಗೆರೆಯನ್ನು ಮುಟ್ಟದೆ ಓರೆಯಾಗಿ ನಿಂತ ಗೆರೆ. ಎನ್‌ಸಿ ಎಂದರೆ ಅದೇ ಗೆರೆ ಮೇಲಿನ ಸಣ್ಣ ಅಡ್ಡಗೀಟನ್ನು ಮುಟ್ಟಿಕೊಂಡಿರುವುದು. ಎಲ್ಲವನ್ನೂ ಬರೆಯುವುದು ಕರೆಂಟಿಲ್ಲದ, ಯಾರೂ ಏನನ್ನೂ ಒತ್ತದ ಸ್ಥಿತಿಯಲ್ಲಿ. ಪಂಪ್ ಓಡುತ್ತಿರುವಾಗ ಡ್ರಾಯಿಂಗ್ ಹಿಡಿದು ಪ್ಯಾನೆಲ್ ಮುಂದೆ ನಿಂತವರು ಈ ಮಾತನ್ನು ಮರೆತರೆ ಅರ್ಧದಷ್ಟು ಕಾಂಟ್ಯಾಕ್ಟುಗಳು ತಿರುಗುಮುರುಗಾಗಿ ಕಾಣುತ್ತವೆ. ಅಮೆರಿಕದಿಂದ ಬಂದ ಯಂತ್ರವಾದರೆ ಕಾಂಟ್ಯಾಕ್ಟ್ ಎಂದರೆ ಎರಡು ಸಮಾನಾಂತರ ಗೀಟು, ಸರ್ಕ್ಯೂಟ್ ಏಣಿಯ ಮೆಟ್ಟಿಲುಗಳಂತೆ ಅಡ್ಡಲಾಗಿ ಇರುತ್ತದೆ. ಎರಡೂ ಸರಿ. ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸುವುದು ಮಾತ್ರ ತಪ್ಪು.

ಸಂಕೇತವನ್ನು ಪ್ರತಿಸಲ ಗೀಚಬಾರದು. ಒಮ್ಮೆ ಬರೆದು BLOCK ಮಾಡಿ ಇಟ್ಟುಕೊಂಡು, ಬೇಕಾದಾಗ INSERT ಮಾಡಬೇಕು. ಬ್ಲಾಕಿನೊಳಗಿನ ಗೆರೆಗಳನ್ನು 0 ಎಂಬ ಲೇಯರಿನಲ್ಲಿ ಬರೆದರೆ, ಕೂರಿಸಿದ ಕಡೆಯ ಲೇಯರಿನ ಬಣ್ಣವನ್ನು ಅವು ತಾವೇ ಪಡೆಯುತ್ತವೆ. ಕೂರಿಸುವ ಬಿಂದು ಸಂಕೇತದ ನಡುವೆ ಬೇಡ, ಮೇಲಿನ ತಂತಿ ಸೇರುವ ತುದಿಯಲ್ಲೇ ಇರಲಿ.

ಬ್ಲಾಕಿನ ನಿಜವಾದ ಶಕ್ತಿ ಅದರ ಗೆರೆಗಳಲ್ಲಿಲ್ಲ, ATTDEF ಕೊಟ್ಟು ಅದರೊಳಗೆ ಇಡುವ ಖಾಲಿ ಜಾಗಗಳಲ್ಲಿದೆ. ಅವಕ್ಕೆ ಆಟ್ರಿಬ್ಯೂಟ್ ಎನ್ನುತ್ತಾರೆ. ಕಾಂಟ್ಯಾಕ್ಟಿನ ಬ್ಲಾಕಿಗೆ ನಾನು ಐದನ್ನು ಸೂಚಿಸುತ್ತೇನೆ. TAG ಎಂಬುದರಲ್ಲಿ ಸಾಧನದ ಹೆಸರು, T1 ಮತ್ತು T2 ಎಂಬುವುಗಳಲ್ಲಿ ಮೇಲಿನ ಹಾಗೂ ಕೆಳಗಿನ ಟರ್ಮಿನಲ್ ಸಂಖ್ಯೆ. ಉಳಿದೆರಡು, W1 ಮತ್ತು W2, ಹಾಳೆಯ ಮೇಲೆ ಕಾಣಿಸದಂತೆ Invisible ಎಂದು ಗುರುತು ಮಾಡಿ ಇಟ್ಟವು. ಆ ಎರಡು ಟರ್ಮಿನಲ್ಲಿಗೆ ಬರುವ ತಂತಿಗಳ ನಂಬರನ್ನು ಅಲ್ಲಿ ತುಂಬಬೇಕು. ತಂತಿಯ ಪಕ್ಕದಲ್ಲಿ ಕಾಣುವಂತೆ ನಂಬರ್ ಬರೆದೇ ಇರುತ್ತೇವಲ್ಲ, ಮತ್ತೇಕೆ ಬಚ್ಚಿಟ್ಟು ಇನ್ನೊಮ್ಮೆ ಬರೆಯುವುದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೆರೆಯ ಪಕ್ಕದ ಅಂಕಿ ಯಾವ ಗೆರೆಯದು, ಆ ಗೆರೆ ಯಾವ ಟರ್ಮಿನಲ್ಲಿಗೆ ಹೋಗುತ್ತದೆ ಎಂಬುದು ಓದುವವರ ಕಣ್ಣಿಗೆ ಗೊತ್ತು, ಪ್ರೋಗ್ರಾಮಿಗೆ ಗೊತ್ತಿಲ್ಲ. ಬ್ಲಾಕಿನೊಳಗೆ ಬರೆದದ್ದನ್ನು ಮಾತ್ರ ಅದು ಪಟ್ಟಿ ಮಾಡಿ ಕೊಡಬಲ್ಲದು. ಎರಡು ಸಲ ಬರೆಯುವ ಈ ಬೇಸರದ ಕೆಲಸ ಎಲ್ಲಿ ಫಲ ಕೊಡುತ್ತದೆ ಎಂಬುದು ಮುಂದೆ ಬರುತ್ತದೆ.

ಟರ್ಮಿನಲ್ ಸಂಖ್ಯೆಗಳನ್ನು ನಾವು ಹುಟ್ಟಿಸುವುದಲ್ಲ, ಅವು ಸಾಧನದ ಮೈಮೇಲೇ ಅಚ್ಚಾಗಿರುತ್ತವೆ. ಅವಕ್ಕೊಂದು ವ್ಯಾಕರಣವೂ ಇದೆ. ಕಾಯಿಲಿನ ತುದಿಗಳು A1 ಮತ್ತು A2. ಸಣ್ಣ ಕಾಂಟ್ಯಾಕ್ಟುಗಳಿಗೆ ಎರಡಂಕಿ: ಬಿಡಿ ಸ್ಥಾನದಲ್ಲಿ 1-2 ಇದ್ದರೆ ಎನ್‌ಸಿ, 3-4 ಇದ್ದರೆ ಎನ್‌ಒ, ಹತ್ತರ ಸ್ಥಾನ ಅದು ಎಷ್ಟನೆಯ ಕಾಂಟ್ಯಾಕ್ಟು ಎಂದು ಹೇಳುತ್ತದೆ. ಹಾಗಾಗಿ 13-14 ಮೊದಲನೆಯದು, ಎನ್‌ಒ; 21-22 ಎರಡನೆಯದು, ಎನ್‌ಸಿ. ಓವರ್‌ಲೋಡ್ ರಿಲೇಯದು 95-96 ಮತ್ತು 97-98. ಟೈಮರಿನ ಚೇಂಜ್‌ಓವರ್ ಕಾಂಟ್ಯಾಕ್ಟಿಗೆ 15 ಸಾಮಾನ್ಯ ತುದಿ, 16 ಎನ್‌ಸಿ, 18 ಎನ್‌ಒ. ಇಷ್ಟು ಗೊತ್ತಿದ್ದರೆ ಎನ್‌ಸಿ ಸಂಕೇತದ ಪಕ್ಕದಲ್ಲಿ 13-14 ಕಂಡ ಕೂಡಲೇ ಡ್ರಾಯಿಂಗ್ ತಪ್ಪಿದೆ ಎಂದು ದೂರದಿಂದಲೇ ಹೇಳಬಹುದು.

ಮೊದಲ ಹಾಳೆ ಪವರ್ ಸರ್ಕ್ಯೂಟಿನದು. ಅದರಲ್ಲಿ ಮೂರನೇ ಕಾಲಮ್ಮಿನಲ್ಲಿ K1, ಅದರ ಕೆಳಗೆ F2, ಅಲ್ಲಿಂದ ಮೋಟರಿನ U1, V1, W1. ನಾಲ್ಕನೇ ಕಾಲಮ್ಮಿನಲ್ಲಿ K2, ಐದರಲ್ಲಿ K3, ಇವೆರಡೂ ಮೋಟರಿನ ಇನ್ನೊಂದು ಬದಿಯ ಮೂರು ತುದಿಗಳಿಗೆ. ಇಲ್ಲಿ ಒಂದು ವಿಷಯವನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. F2 ಕೂತಿರುವುದು K1ರ ಕೆಳಗೆ. ಡೆಲ್ಟಾದಲ್ಲಿ ಅದರ ಮೂಲಕ ಹರಿಯುವುದು ಪೂರ್ತಿ ಲೈನ್ ಕರೆಂಟಲ್ಲ, ಸುರುಳಿಯ ಕರೆಂಟು, ಅಂದರೆ ಸುಮಾರು ಶೇಕಡಾ 58. ಆದ್ದರಿಂದ ಅದನ್ನು ತಿರುಗಿಸಿಡಬೇಕಾದ್ದು 21 ಆಂಪಿಯರಿಗಲ್ಲ, ಸುಮಾರು 12.2ಕ್ಕೆ. ನಾಮಫಲಕ ನೋಡಿ 21ಕ್ಕೆ ಇಟ್ಟರೆ ಮೋಟರ್ ಸುಡುವವರೆಗೂ ರಿಲೇ ಸುಮ್ಮನಿರುತ್ತದೆ. F2 ಸಂಕೇತದ ಪಕ್ಕದಲ್ಲಿ 12.2 ಎಂದು ಬರೆಯಲು ಅರ್ಧ ನಿಮಿಷ ಸಾಕು. ಬರೆಯದ ಡ್ರಾಯಿಂಗುಗಳೇ ಹೆಚ್ಚು.

ಎರಡನೇ ಹಾಳೆಯಲ್ಲಿ ಕಂಟ್ರೋಲ್ ಸರ್ಕ್ಯೂಟ್. ಮೇಲೆ 230 ವೋಲ್ಟಿನ ಗೆರೆ, ಕೆಳಗೆ ನ್ಯೂಟ್ರಲ್ ಗೆರೆ. ಮೊದಲ ಕಾಲಮ್ಮಿನಲ್ಲಿ F1, ಅದರ ಕೆಳಗೆ F2ರ 95-96, ನಂತರ S1ರ 11-12, ನಂತರ S2ರ 13-14. ಎರಡನೇ ಕಾಲಮ್ಮಿನಲ್ಲಿ S2ಗೆ ಪಕ್ಕದಾರಿಯಾಗಿ K1ರ 13-14, ಇದೇ ಹೋಲ್ಡಿಂಗ್. ಬಟನ್ನಿನಿಂದ ಕೈ ತೆಗೆದರೂ K1 ತನ್ನನ್ನು ತಾನೇ ಹಿಡಿದುಕೊಳ್ಳುವುದು ಇದರಿಂದ. ಮೂರನೆಯದರಲ್ಲಿ K1ರ ಕಾಯಿಲ್, ನಾಲ್ಕರಲ್ಲಿ ಟೈಮರಿನ ಕಾಯಿಲ್. ಐದರಲ್ಲಿ ಟೈಮರಿನ ಚೇಂಜ್‌ಓವರ್. ಅದರ 16ರಿಂದ K2ರ 21-22 ದಾಟಿ K3ರ ಕಾಯಿಲ್. ಆರರಲ್ಲಿ ಟೈಮರಿನ 18ರಿಂದ K3ರ 21-22 ದಾಟಿ K2ರ ಕಾಯಿಲ್. ಏಳರಲ್ಲಿ F2ರ 97-98 ಮತ್ತು ಟ್ರಿಪ್ ದೀಪ. ಎಂಟು ಸದ್ಯಕ್ಕೆ ಖಾಲಿ.

ಗೆರೆ ಎಳೆಯುವಾಗ ಎರಡು ಕಡೆ ಎಚ್ಚರ ಬೇಕು. ಉದ್ದಕ್ಕೂ ಗೆರೆ ಎಳೆದು, ಅದರ ಮೇಲೆ ಎನ್‌ಒ ಕಾಂಟ್ಯಾಕ್ಟನ್ನು ಕೂರಿಸಿ, ಅಡಿಯ ಗೆರೆಯನ್ನು TRIM ಮಾಡದೆ ಬಿಟ್ಟರೆ ತೆರೆದ ಕಾಂಟ್ಯಾಕ್ಟಿನ ನಡುವೆ ತಂತಿ ಹಾದುಹೋಗಿರುತ್ತದೆ. ಕೆಲವರು WIPEOUT ಹಾಕಿ ಅದನ್ನು ಮುಚ್ಚುತ್ತಾರೆ. ಮುಚ್ಚಿದ ಗೆರೆ ಇಲ್ಲವಾಗುವುದಿಲ್ಲ, ಕಾಣದಾಗುತ್ತದೆ, ಅಷ್ಟೆ. ಸಂಕೇತವನ್ನು ಸರಿಸಿದ ದಿನ ಮತ್ತೆ ಎದ್ದುಬರುತ್ತದೆ. ಇನ್ನೊಂದು, ತಂತಿಗಳು ಸೇರುವ ಕಡೆ ಚುಕ್ಕಿ. ಒಳವ್ಯಾಸ 0 ಕೊಟ್ಟ DONUT ಒಳ್ಳೆಯ ಚುಕ್ಕಿಯಾಗುತ್ತದೆ. ನಾಲ್ಕು ದಿಕ್ಕಿನಿಂದ ಬಂದು ಒಂದೇ ಚುಕ್ಕಿಯಲ್ಲಿ ಸೇರುವ ಗೆರೆಗಳನ್ನು ನಾನು ಒಪ್ಪುವುದಿಲ್ಲ. ಪ್ರಿಂಟು ಮಸುಕಾದರೆ ಅದು ಸೇರುವಿಕೆಯೋ ಬರೀ ದಾಟುವಿಕೆಯೋ ಗೊತ್ತಾಗದು. ಒಂದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎರಡು ಮೂರುದಾರಿಗಳನ್ನಾಗಿ ಮಾಡಿದರೆ ಚುಕ್ಕಿ ಅಳಿಸಿಹೋದರೂ ಅರ್ಥ ಉಳಿಯುತ್ತದೆ.

ಈಗ ವೈರ್ ನಂಬರ್. ಹೊಸಬರು ಪ್ರತಿ ತಂತಿತುಂಡಿಗೂ ಒಂದೊಂದು ನಂಬರ್ ಕೊಡಲು ಹೊರಡುತ್ತಾರೆ. ನಂಬರ್ ಸೇರುವುದು ತುಂಡಿಗಲ್ಲ. ಕೆರೆಯನ್ನು ನೆನೆಯಿರಿ: ಒಂದು ಕೆರೆಯ ನೀರಿಗೆ ಯಾವ ದಡದಲ್ಲಿ ಕೊಡ ಅದ್ದಿದರೂ ಮಟ್ಟ ಒಂದೇ, ಹೆಸರೂ ಒಂದೇ; ತೂಬು ದಾಟಿದ ಮೇಲೆ ಅದು ಕಾಲುವೆ, ತೂಬು ತೆರೆದಿದ್ದರೂ ಮುಚ್ಚಿದ್ದರೂ ಹೆಸರು ಬೇರೆ. ಹಾಗೆಯೇ ಕಾಂಟ್ಯಾಕ್ಟು, ಕಾಯಿಲ್, ದೀಪ, ಫ್ಯೂಸು ಇಂಥ ಏನನ್ನಾದರೂ ದಾಟಿದಾಗಲೇ ನಂಬರ್ ಬದಲಾಗಬೇಕು. ತಂತಿ ಕವಲೊಡೆದರೆ ಬದಲಾಗದು. ಬಾಗಿಲಿಗೆ ಹೋಗುವ ದಾರಿಯಲ್ಲಿ ಕನೆಕ್ಟರ್ ಸಾಲಿನ ಟರ್ಮಿನಲನ್ನು ದಾಟಿದರೂ ಬದಲಾಗದು, ಏಕೆಂದರೆ ಅಲ್ಲಿ ಸ್ವಿಚ್ಚಿಲ್ಲ.

ನಮ್ಮ ಹಾಳೆಯಲ್ಲಿ ಹೀಗೆ ಎಣಿಸಿ. F1ರಿಂದ ಹೊರಬಂದದ್ದು 1. F2ರ 96ರಿಂದ ಮುಂದೆ 2. S1 ದಾಟಿದರೆ 3, S2 ದಾಟಿದರೆ 4. ಟೈಮರಿನ 16ರಿಂದ 5, K2ರ 22ರಿಂದ K3ರ ಕಾಯಿಲಿಗೆ 6. ಟೈಮರಿನ 18ರಿಂದ 7, K3ರ 22ರಿಂದ K2ರ ಕಾಯಿಲಿಗೆ 8. ಟ್ರಿಪ್ ದೀಪಕ್ಕೆ 9. ಕಾಯಿಲುಗಳ ಕೆಳತುದಿಯೆಲ್ಲ N. ಇಡೀ ಕಂಟ್ರೋಲ್ ಸರ್ಕ್ಯೂಟಿಗೆ ಒಂಬತ್ತು ಅಂಕಿ, ಒಂದು ಅಕ್ಷರ. ಹಾಳೆಗಳು ಹೆಚ್ಚಿದಾಗ ಎರಡನೇ ಹಾಳೆಯವಕ್ಕೆ 201ರಿಂದ, ಮೂರನೆಯದಕ್ಕೆ 301ರಿಂದ ಶುರುಮಾಡುವ ಪದ್ಧತಿಯೂ ಇದೆ. ನಂಬರ್ ನೋಡಿದರೆ ಹಾಳೆ ಗೊತ್ತಾಗುತ್ತದೆ.

4 ಎಂಬ ನಂಬರನ್ನು ಸ್ವಲ್ಪ ನಿಂತು ನೋಡೋಣ. ಅದು ಐದು ಕಡೆ ಸೇರುತ್ತದೆ: S2ರ 14, K1ರ 14, K1ರ A1, K4ರ A1, K4ರ 15. ಈ ಐದನ್ನು ಯಾವ ಕ್ರಮದಲ್ಲಿ ಲೂಪ್ ಮಾಡಬೇಕು ಎಂದು ಸರ್ಕ್ಯೂಟ್ ಹೇಳುವುದಿಲ್ಲ. ಐದೂ ಒಂದೇ ಎಂದಷ್ಟೇ ಹೇಳುತ್ತದೆ. ಯಾವ ಟರ್ಮಿನಲ್ಲಿಗೆ ಎಷ್ಟು ತಂತಿ ಹಿಡಿಸುತ್ತದೆ, ಯಾವ ದಾರಿ ಹತ್ತಿರ ಎಂಬುದನ್ನು ನೋಡಿ ವೈರ್‌ಮನ್ ತೀರ್ಮಾನಿಸುತ್ತಾನೆ. ಅವನ ಕೈಯಲ್ಲಿ ಈ ಅಂಕಿ ಫೆರೂಲ್ ಆಗುತ್ತದೆ, ಅಂದರೆ ತಂತಿಯ ಎರಡೂ ತುದಿಗೆ ತೊಡಿಸುವ, ನಂಬರ್ ಅಚ್ಚಾದ ಸಣ್ಣ ಕೊಳವೆ. 6 ಮತ್ತು 9ರ ಫೆರೂಲ್ ತಲೆಕೆಳಗಾದರೆ ಒಂದು ಇನ್ನೊಂದಾಗುವುದರಿಂದ ಅವುಗಳ ಅಡಿಗೆ ಗೀಟು ಹಾಕುತ್ತಾರೆ. ಡ್ರಾಯಿಂಗಿನಲ್ಲೂ ಹಾಗೇ ಬರೆದರೆ ಫೆರೂಲ್ ಅಚ್ಚು ಹಾಕುವವನು ಮರೆಯುವುದಿಲ್ಲ. ನಂಬರ್ ಕೊಟ್ಟ ಮೇಲೆ ಇನ್ನೊಂದು ಲಾಭ ಕಾಣುತ್ತದೆ. ಬಾಗಿಲಿನ ಎರಡು ಬಟನ್ನುಗಳಿಗೆ ನಾಲ್ಕು ತುದಿಗಳಿದ್ದರೂ ಅಲ್ಲಿ ಇರುವ ನಂಬರುಗಳು 2, 3, 4 ಮಾತ್ರ. S1ರ 12 ಮತ್ತು S2ರ 13 ಎರಡೂ 3. ಬಾಗಿಲಿನಲ್ಲೇ ಒಂದು ಚಿಕ್ಕ ಲೂಪ್ ಹಾಕಿದರೆ ಮೂರೇ ತಂತಿಯಲ್ಲಿ ಕೆಲಸ ಮುಗಿಯುತ್ತದೆ.

ಮೂರನೆಯ ದಾರ ಕ್ರಾಸ್ ರೆಫರೆನ್ಸ್. ಪ್ರತಿ ಕಾಯಿಲಿನ ಕೆಳಗೆ, ನ್ಯೂಟ್ರಲ್ ಗೆರೆಯ ಕೆಳಗಿನ ಖಾಲಿ ಜಾಗದಲ್ಲಿ, ಆ ಸಾಧನದ ಎಲ್ಲಾ ಕಾಂಟ್ಯಾಕ್ಟುಗಳನ್ನೂ ಅವುಗಳ ವಿಳಾಸವನ್ನೂ ಬರೆಯಬೇಕು. K2ರ ಕಾಯಿಲ್ 2.6ರಲ್ಲಿದೆ, ಅದರ ಕೆಳಗೆ ಮೂರು ಮುಖ್ಯ ಕಾಂಟ್ಯಾಕ್ಟುಗಳಿಗೆ 1.4, 21-22ಕ್ಕೆ 2.5, ಬಳಸದ 13-14ಕ್ಕೆ ಒಂದು ಅಡ್ಡಗೀಟು. ಕಾಂಟ್ಯಾಕ್ಟಿನ ಕಡೆಯಿಂದಲೂ ಮರುವಿಳಾಸ ಬೇಕು: 2.5ರಲ್ಲಿರುವ K2 ಕಾಂಟ್ಯಾಕ್ಟಿನ ಪಕ್ಕದಲ್ಲಿ ಅದರ ಕಾಯಿಲ್ ಇರುವ 2.6. ಬಳಸದೆ ಉಳಿದದ್ದನ್ನೂ ಬರೆಯಿರಿ ಎಂದು ಒತ್ತಿ ಹೇಳುತ್ತೇನೆ. ನಾಳೆ ಯಾರಿಗಾದರೂ ಒಂದು ಕಾಂಟ್ಯಾಕ್ಟು ಬೇಕಾದಾಗ ಪ್ಯಾನೆಲ್ ಬಿಚ್ಚದೆ ಹೇಳಲು ಸಾಧ್ಯವಾಗುವುದು ಆ ಅಡ್ಡಗೀಟಿನಿಂದ.

ಈ ವಿಳಾಸಗಳು ಓದುಗನ ಅನುಕೂಲಕ್ಕಷ್ಟೇ ಎಂದುಕೊಂಡರೆ ಸಾಲದು. K3 ಮುಚ್ಚಿದಾಗ ಮೋಟರಿನ ಮೂರು ತುದಿಗಳನ್ನು ಒಂದಕ್ಕೊಂದು ಕಟ್ಟಿಬಿಡುತ್ತದೆ. K2 ಮುಚ್ಚಿದಾಗ ಅದೇ ಮೂರು ತುದಿಗಳಿಗೆ ಮೂರು ಫೇಸ್ ಕೊಡುತ್ತದೆ. ಎರಡೂ ಒಟ್ಟಿಗೆ ಮುಚ್ಚಿದರೆ ಮೂರು ಫೇಸುಗಳ ನಡುವೆ ನೇರ ಶಾರ್ಟ್. ಅದನ್ನು ತಡೆಯಲೆಂದೇ K2ರ ಎನ್‌ಸಿ ಕಾಂಟ್ಯಾಕ್ಟು K3ರ ದಾರಿಯಲ್ಲಿ, K3ರದ್ದು K2ರ ದಾರಿಯಲ್ಲಿ ಇರುವುದು. ಪರಿಶೀಲಿಸುವವರು ಇಡೀ ಹಾಳೆ ಓದಬೇಕಾಗಿಲ್ಲ. K2ರ ಕೆಳಗೆ 21-22ಕ್ಕೆ 2.5, K3ರ ಕೆಳಗೆ 21-22ಕ್ಕೆ 2.6 ಎಂದು ಅಡ್ಡಹಾದಿವೆಯೇ ಎಂದು ನೋಡಿದರೆ ಇಂಟರ್‌ಲಾಕ್ ಬರೆದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇಷ್ಟಾದರೆ ಡ್ರಾಯಿಂಗ್ ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಂಡೂ ತಪ್ಪಾಗಿರುವುದು ಹೇಗೆ ಎಂಬುದಕ್ಕೆ ಈ ಕಸುಬಿನ ಒಂದು ಮಾಮೂಲಿ ಪ್ರಸಂಗ ಹೇಳಬೇಕು. ಪಂಪ್ ಓಡುತ್ತಿದೆ ಎಂಬ ಸಿಗ್ನಲ್ ತಮ್ಮ ಕಟ್ಟಡದ ಇನ್ನೊಂದು ಪ್ಯಾನೆಲ್ಲಿಗೂ ಬೇಕೆಂದು ಗಿರಾಕಿ ಕೊನೆಯ ಗಳಿಗೆಯಲ್ಲಿ ಕೇಳುತ್ತಾನೆ. ಆ ಪ್ಯಾನೆಲ್ಲಿನಿಂದ ಬರುವುದು 24 ವೋಲ್ಟ್ ಡಿಸಿಯ ಎರಡು ತಂತಿ, 51 ಮತ್ತು 52. ಎಂಟನೇ ಕಾಲಂ ಖಾಲಿಯಿದೆ. ಬರೆಯುವವನು ಎರಡನೇ ಕಾಲಮ್ಮಿನ K1 ಕಾಂಟ್ಯಾಕ್ಟನ್ನು COPY ಮಾಡಿ ಎಂಟರಲ್ಲಿ ಇಡುತ್ತಾನೆ, 51, 52 ಎಂದು ನಂಬರ್ ಹಾಕುತ್ತಾನೆ. ಹೆಸರು K1, ಎನ್‌ಒ ಕಾಂಟ್ಯಾಕ್ಟು, ಎಲ್ಲಾ ಸರಿ. ಆದರೆ ನಕಲಿನ ಜೊತೆಗೆ 13-14 ಎಂಬ ಟರ್ಮಿನಲ್ ಸಂಖ್ಯೆಯೂ ಬಂದಿದೆ.

ಹಾಳೆಯ ಮೇಲೆ ಎರಡು ಕಾಂಟ್ಯಾಕ್ಟುಗಳಿವೆ, ಕಬ್ಬಿಣದಲ್ಲಿ ಇರುವುದು ಒಂದೇ. ಡ್ರಾಯಿಂಗನ್ನು ನಂಬಿ ವೈರಿಂಗ್ ಮಾಡಿದವನು K1ರ 13ನೇ ಟರ್ಮಿನಲ್ಲಿಗೆ 3 ನಂಬರಿನ ತಂತಿಯನ್ನೂ 51 ನಂಬರಿನ ತಂತಿಯನ್ನೂ ಸೇರಿಸುತ್ತಾನೆ. ನಂಬರ್ 3ರಲ್ಲಿ, ಮೋಟರ್ ಚಾಲೂ ಮಾಡುವ ಮೊದಲೇ, F1 ಹಾಕಿದ ಕೂಡಲೇ 230 ವೋಲ್ಟ್ ನಿಂತಿರುತ್ತದೆ. ಅದು 51ರ ಮೂಲಕ 24 ವೋಲ್ಟಿನ ಪ್ಯಾನೆಲ್ಲಿಗೆ ನುಗ್ಗುತ್ತದೆ. ಆ ಕಡೆಯ ಕಾರ್ಡು ಉಳಿಯುವುದಿಲ್ಲ.

ಇದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ, ಏಕೆಂದರೆ ಎರಡೂ ಕಾಲಂ ಬೇರೆಬೇರೆಯಾಗಿ ನೋಡಿದರೆ ಸರಿಯಾಗಿಯೇ ಇವೆ. ಬಚ್ಚಿಟ್ಟ W1, W2 ಈಗ ಕೆಲಸಕ್ಕೆ ಬರುತ್ತವೆ. DATAEXTRACTION ಅಥವಾ ಹಳೆಯ ATTEXT ಕೊಟ್ಟರೆ ಬ್ಲಾಕುಗಳೊಳಗಿನ ಬರಹವೆಲ್ಲ ಪಟ್ಟಿಯಾಗಿ ಹೊರಬರುತ್ತದೆ. ಅದರ ಒಂದು ತುಣುಕು:

```
TAG  T1  W1  T2  W2
S1   11  2   12  3
S2   13  3   14  4
K1   13  3   14  4
K1   A1  4   A2  N
K1   13  51  14  52
```

ಸ್ಪ್ರೆಡ್‌ಶೀಟಿನಲ್ಲಿ ಇದನ್ನು ಒಂದು ಸಾಲಿಗೆ ಒಂದು ಟರ್ಮಿನಲ್ ಬರುವಂತೆ ಬಿಡಿಸಿಕೊಳ್ಳಿ: ಮೊದಲ ಕಾಲಮ್ಮಿನಲ್ಲಿ K1:13 ಎಂಬಂತೆ ಟರ್ಮಿನಲ್, ಎರಡನೆಯದರಲ್ಲಿ ವೈರ್ ನಂಬರ್. ಟರ್ಮಿನಲ್ ಪ್ರಕಾರ ಸಾಲುಗಳನ್ನು ಜೋಡಿಸಿದರೆ K1:13ರ ಎದುರು 3, ಅದರ ಕೆಳಗೇ ಮತ್ತೆ K1:13ರ ಎದುರು 51 ಕಾಣುತ್ತದೆ. ಒಂದು ಟರ್ಮಿನಲ್ಲಿಗೆ ಎರಡು ನಂಬರ್ ಇರುವಂತಿಲ್ಲ. ಇನ್ನೊಂದು ಪರೀಕ್ಷೆ ಇದರ ತಿರುವು: ಯಾವ ನಂಬರೂ ಒಂದೇ ಕಡೆ ಇರುವಂತಿಲ್ಲ, ತಂತಿಗೆ ಎರಡು ತುದಿ ಇರಲೇಬೇಕಲ್ಲ. ಎರಡನೇ ಕಾಲಮ್ಮಿನ ಪಕ್ಕದಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆದರೆ ಸಾಕು.

```
=COUNTIF(B:B,B2)
```

1 ಎಂದು ಬಂದ ಸಾಲೆಲ್ಲ ಅನುಮಾನದ್ದು. ಒಂದೋ ಆ ತಂತಿ ಹೊರಗಿನಿಂದ ಬಂದದ್ದು, 51 ಮತ್ತು 52ರ ಹಾಗೆ. ಇಲ್ಲವೋ 6 ಬರೆಯುವ ಕಡೆ ಯಾರೋ 16 ಎಂದು ಒತ್ತಿದ್ದಾರೆ. ಹೊರಗಿನ ತಂತಿಗಳು ಸೇರುವ ಕನೆಕ್ಟರ್ ಸಾಲನ್ನೂ ಬ್ಲಾಕುಗಳಲ್ಲೇ ಬರೆದಿದ್ದರೆ ಮೊದಲ ಬಗೆಯ ಅನುಮಾನ ತಾನೇ ಕರಗುತ್ತದೆ.

ನಮ್ಮ ಪ್ರಸಂಗಕ್ಕೆ ಪರಿಹಾರ ಸುಲಭ. K1ರ ಮುಖದ ಮೇಲೆ ಆಡ್-ಆನ್ ಬ್ಲಾಕ್ ಒಂದನ್ನು ಕೂರಿಸಿ ಅದರ 53-54ನ್ನು ಸಿಗ್ನಲ್ಲಿಗೆ ಕೊಡುವುದು. ಎಂಟನೇ ಕಾಲಮ್ಮಿನ ಸಂಖ್ಯೆ ಬದಲಿಸಿ, K1ರ ಕಾಯಿಲಿನ ಕೆಳಗೆ 53-54ಕ್ಕೆ 2.8 ಎಂದು ಸೇರಿಸಬೇಕು. ಬೇರೆ ಪ್ಯಾನೆಲ್ಲಿನಿಂದ ಬರುವ ಈ ಎರಡು ತಂತಿಗಳಲ್ಲಿ ಇಲ್ಲಿಯ ಮೇನ್ ಸ್ವಿಚ್ ಆಫ್ ಮಾಡಿದರೂ ಕರೆಂಟು ಇರುತ್ತದೆ. ಯಂತ್ರಗಳ ವಿದ್ಯುತ್ ವ್ಯವಸ್ಥೆಯ ಮಾನದಂಡವಾದ ಐಇಸಿ 60204-1 ಇಂಥವಕ್ಕೆ ಕಿತ್ತಳೆ ಬಣ್ಣ ಹೇಳುತ್ತದೆ. ಅದನ್ನೂ ಗೆರೆಯ ಪಕ್ಕದಲ್ಲಿ ಬರೆದಿಡಬೇಕು.

ಇದೆಲ್ಲವನ್ನೂ ತಾವೇ ಮಾಡುವ ಪ್ರೋಗ್ರಾಮುಗಳಿವೆ. ಇಪ್ಲಾನ್, ಆಟೊಕ್ಯಾಡ್ ಎಲೆಕ್ಟ್ರಿಕಲ್, ಉಚಿತವಾಗಿ ಸಿಗುವ ಕ್ಯೂಎಲೆಕ್ಟ್ರೋಟೆಕ್ ಮುಂತಾದವಕ್ಕೆ ಕಾಯಿಲ್ ಯಾವುದು, ಅದರ ಕಾಂಟ್ಯಾಕ್ಟ್ ಯಾವುದು ಎಂಬ ಸಂಬಂಧ ಗೊತ್ತು. ಕಾಂಟ್ಯಾಕ್ಟನ್ನು ಬೇರೆ ಕಾಲಮ್ಮಿಗೆ ಸರಿಸಿದರೆ ವಿಳಾಸ ತಾನೇ ಬದಲಾಗುತ್ತದೆ. ನಾಲ್ಕೈದು ಹಾಳೆಯ ಸ್ಟಾರ್ಟರಿಗೆ ಅವು ಬೇಕೇಬೇಕೆಂದು ನಾನು ಹೇಳಲಾರೆ. ಹಾಳೆಗಳು ಇಪ್ಪತ್ತು ಮುವ್ವತ್ತಾದಾಗ ಕೈಯಲ್ಲಿ ಬರೆದ ಕ್ರಾಸ್ ರೆಫರೆನ್ಸುಗಳು ಹಳಸತೊಡಗುತ್ತವೆ, ಆಗ ಸಾಮಾನ್ಯ ಡ್ರಾಫ್ಟಿಂಗ್ ಪ್ರೋಗ್ರಾಮಿಗೆ ಅಂಟಿಕೊಳ್ಳುವುದು ಹಟವಾಗುತ್ತದೆ. ಅಂಟಿಕೊಂಡವರು ಒಂದು ಶಿಸ್ತನ್ನಾದರೂ ಪಾಲಿಸಬೇಕು: ಪ್ಯಾನೆಲ್ ತಯಾರಾದ ಮೇಲೆ ಕಾಲಂ ಸರಿಸಬಾರದು, ಇದ್ದ ನಂಬರನ್ನು ತಿರುಗಿ ಎಣಿಸಬಾರದು. ಹೊಸ ತಂತಿಗೆ ಹೊಸ ನಂಬರ್, ಹೊಸ ಸರ್ಕ್ಯೂಟಿಗೆ ಖಾಲಿ ಕಾಲಂ ಅಥವಾ ಹೊಸ ಹಾಳೆ.

ಇಂಥ ಡ್ರಾಯಿಂಗಿನ ಬೆಲೆ ಗೊತ್ತಾಗುವುದು ಬರೆದವರಿಗಲ್ಲ, ಎರಡು ಮೂರು ವರ್ಷವಾದ ಮೇಲೆ ಪಂಪ್ ಕೆಟ್ಟಾಗ ಪ್ಯಾನೆಲ್ ಬಾಗಿಲು ತೆರೆಯುವವರಿಗೆ. ಮೋಟರ್ ಸ್ಟಾರಿನಲ್ಲಿ ಚಾಲೂ ಆಗುತ್ತದೆ, ಟೈಮರ್ ಬದಲಿಸಿದ ಕೂಡಲೇ ಸದ್ದು ಇಳಿದು ನಿಂತುಹೋಗುತ್ತದೆ, K1 ಮಾತ್ರ ಎಳೆದುಕೊಂಡೇ ಇರುತ್ತದೆ ಎನ್ನೋಣ. ಡೆಲ್ಟಾ ಬರುತ್ತಿಲ್ಲ. ಮೆಕ್ಯಾನಿಕ್ ಮೊದಲ ಹಾಳೆಯಲ್ಲಿ K2 ನೋಡುತ್ತಾನೆ, ಮರುವಿಳಾಸ 2.6 ಎನ್ನುತ್ತದೆ. ಅಲ್ಲಿ ಕಾಯಿಲಿನ ತಲೆಯ ಮೇಲೆ 8, ಅದರ ಮೇಲೆ K3ರ 21-22, ಅದರ ಮೇಲೆ 7. ಮಲ್ಟಿಮೀಟರಿನ ಒಂದು ಕಡ್ಡಿಯನ್ನು N ಮೇಲಿಟ್ಟು ಇನ್ನೊಂದನ್ನು 7ಕ್ಕೆ ಇಡುತ್ತಾನೆ: 230 ವೋಲ್ಟ್. 8ಕ್ಕೆ ಇಡುತ್ತಾನೆ: ಏನೂ ಇಲ್ಲ. ಟೈಮರ್ ಸರಿಯಿದೆ, K2ರ ಕಾಯಿಲಿಗೆ ಕರೆಂಟು ತಲುಪುತ್ತಿಲ್ಲ. K3 ಬಿಟ್ಟುಕೊಂಡಿದ್ದರೂ ಅದರ ಎನ್‌ಸಿ ಕಾಂಟ್ಯಾಕ್ಟು ಹಿಂದಿರುಗಿ ಮುಚ್ಚುತ್ತಿಲ್ಲ. ಮೂರು ಕಾಂಟ್ಯಾಕ್ಟರ್, ಒಂದು ಟೈಮರ್, ಹತ್ತಾರು ತಂತಿಗಳ ನಡುವೆ ದೋಷ ಒಂದು ಜೋಡಿ ತುದಿಗೆ ಬಂದು ನಿಂತಿತು, ಒಂದು ಸ್ಕ್ರೂವನ್ನೂ ಬಿಚ್ಚದೆ.

ಅವನ ಬಳಿ ಹೊಸ ಕಾಂಟ್ಯಾಕ್ಟರ್ ಇಲ್ಲ, ಒಂದು ಆಡ್-ಆನ್ ಬ್ಲಾಕ್ ಇದೆ. ಮೇನ್ ಆಫ್ ಮಾಡಿ, ಅದನ್ನು K3ರ ಮೇಲೆ ಕೂರಿಸಿ, 7 ಮತ್ತು 8ನ್ನು 21-22ರಿಂದ ಬಿಚ್ಚಿ ಹೊಸ ಬ್ಲಾಕಿನ 61-62ಕ್ಕೆ ಹಾಕುತ್ತಾನೆ. ವೈರ್ ನಂಬರ್ ಎರಡೂ ಹಾಗೇ ಉಳಿದವು, ಟರ್ಮಿನಲ್ ಮಾತ್ರ ಬದಲಾಯಿತು. ಇನ್ನು ಫೈಲಿನಲ್ಲಿ ತಿದ್ದಬೇಕಾದ ಜಾಗಗಳು: 2.6ರ ಬ್ಲಾಕಿನ T1 ಮತ್ತು T2, K3ರ ಕಾಯಿಲಿನ ಕೆಳಗೆ 2.6ರ ಎದುರಿನ 21-22, ಮತ್ತು ಶೀರ್ಷಿಕೆ ಪಟ್ಟಿಯ ರಿವಿಷನ್ ಅಕ್ಷರ ಹಾಗೂ ತಾರೀಖು. ಕಾಯಿಲಿನ ಕೆಳಗೆ 21-22ಕ್ಕೆ ಬಳಸದೆ ಉಳಿದದ್ದು ಎಂಬ ಅಡ್ಡಗೀಟು ಹಾಕಬಾರದು. ಅದರ ಎದುರು ಕೆಟ್ಟಿದೆ ಎಂದೇ ಬರೆಯಬೇಕು.